ಮೊದಲು ವಾಟ್ ನೋಡಿ, ಆಮೇಲೆ ಡಿಗ್ರಿ: ಕಂಪ್ಯೂಟರಿನ ಸೆನ್ಸರ್ ಅಂಕಿಗಳನ್ನು ಓದುವ ಬಗೆ

ಗೆಳೆಯರೊಬ್ಬರು ಒಂದು ಸ್ಕ್ರೀನ್‌ಶಾಟ್ ಕಳಿಸಿ, "ಪ್ರೊಸೆಸರ್ 86 ಡಿಗ್ರಿಗೆ ಹೋಗಿದೆ, ಇದು ಜಾಸ್ತಿ ಆಯ್ತಾ?" ಎಂದು ಕೇಳಿದರು. ಅವರು ಕಳಿಸಿದ್ದು ತಾಪಮಾನದ ಸಾಲು ಮಾತ್ರ. ಹಾಗಾಗಿ ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ಪ್ರೊಸೆಸರ್ 140 ವಾಟ್ ಎಳೆಯುತ್ತಿರುವಾಗ 86 ಡಿಗ್ರಿ ಬಂದರೆ ಕೂಲರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ ಎಂದರ್ಥ. 65 ವಾಟ್‌ಗೇ 86 ಬಂದರೆ ಕ್ಯಾಬಿನೆಟ್ ಬಿಚ್ಚಬೇಕಾದ ಹೊತ್ತು ಬಂದಿದೆ. ಡಿಗ್ರಿ ಒಂದೇ, ಅರ್ಥ ಎರಡು. ಆದ್ದರಿಂದ ಯಾರೇ ತಾಪಮಾನ ಹೇಳಿದರೂ ನಾನು ಮೊದಲು ಕೇಳುವುದು "ಎಷ್ಟು ವಾಟ್‌ಗೆ?" ಎಂದೇ. ಅವರಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅಳೆಯುವ ಮುನ್ನ

ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ನಾನು ಬಳಸುವುದು HWiNFO64. ತೆರೆಯುವಾಗ `Sensors-only` ಎಂಬುದಕ್ಕೆ ಟಿಕ್ ಹಾಕಿ ಶುರು ಮಾಡಿ. ಉದ್ದನೆಯ ಪಟ್ಟಿಯೊಂದು ಬರುತ್ತದೆ. ಪ್ರತಿ ಸಾಲಿನಲ್ಲೂ ಈ ಕ್ಷಣದ ಅಂಕಿ, ಕನಿಷ್ಠ, ಗರಿಷ್ಠ, ಸರಾಸರಿ ಎಂದು ನಾಲ್ಕು ಕಾಲಂಗಳಿರುತ್ತವೆ. ಸಾಮಾನ್ಯವಾಗಿ ಅಂಕಿಗಳು ಎರಡು ಸೆಕೆಂಡಿಗೊಮ್ಮೆ ಬದಲಾಗುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು 1000 ಮಿಲಿಸೆಕೆಂಡಿಗೆ ಇಳಿಸಿ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಇದೇ ಬಗೆಯ ಬೇರೆ ಸಾಫ್ಟ್‌ವೇರ್‌ಗಳು ತೆರೆದಿದ್ದರೆ ಮುಚ್ಚಿಬಿಡಿ. ಫ್ಯಾನ್ ವೇಗ ಮತ್ತು ಬೋರ್ಡಿನ ವೋಲ್ಟೇಜ್‌ಗಳನ್ನು ಅಳೆಯುವುದು ಮದರ್‌ಬೋರ್ಡ್ ಮೇಲಿನ ಒಂದು ಪುಟ್ಟ ಚಿಪ್. ಇಬ್ಬರು ಒಟ್ಟಿಗೆ ಅದನ್ನು ಪ್ರಶ್ನಿಸಿದರೆ ಒಬ್ಬರಿಗೆ ಕೊಡಬೇಕಾದ ಉತ್ತರ ಇನ್ನೊಬ್ಬರಿಗೆ ಹೋಗಿಬಿಡಬಹುದು. ಆಗ ಗರಿಷ್ಠದ ಕಾಲಂನಲ್ಲಿ 255 ಡಿಗ್ರಿ, ಐವತ್ತು ಸಾವಿರ ಆರ್‌ಪಿಎಂ ಥರದ ಅಸಾಧ್ಯ ಅಂಕಿಗಳು ಕೂತಿರುತ್ತವೆ. ಅವು ಓದುವಾಗ ಆದ ತಪ್ಪುಗಳು, ಹಾರ್ಡ್‌ವೇರ್ ಕೆಟ್ಟಿದೆ ಎಂದಲ್ಲ.

ಈಗ ಹತ್ತು ನಿಮಿಷ ಏನೂ ಮಾಡದೆ ಸಿಸ್ಟಂ ಅನ್ನು ಸುಮ್ಮನೆ ಬಿಡಿ. ಸೆನ್ಸರ್ ಕಿಟಕಿಯ ಕೆಳಗಿರುವ ಗಡಿಯಾರದ ಗುರುತನ್ನು ಒತ್ತಿದರೆ ಹಳೆಯ ಕನಿಷ್ಠ, ಗರಿಷ್ಠ ಎಲ್ಲ ಅಳಿಸಿಹೋಗುತ್ತವೆ. ಆಮೇಲೆ ಎಲ್ಲ ಕೋರ್‌ಗಳಿಗೂ ಕೆಲಸ ಕೊಡುವಂಥದ್ದನ್ನು ಹತ್ತು ನಿಮಿಷ ಓಡಿಸಿ. ಸಿನೆಬೆಂಚ್‌ನ ಹತ್ತು ನಿಮಿಷದ ಪರೀಕ್ಷೆ ಇದಕ್ಕೆ ಸಾಕು. ಕೊನೆಯ ಒಂದು ನಿಮಿಷದಲ್ಲಿ ಈ ಕ್ಷಣದ ಕಾಲಂನಲ್ಲಿ ನಿಂತಿರುವ ಅಂಕಿಗಳನ್ನು ಬರೆದುಕೊಳ್ಳಿ, ಜೊತೆಗೆ ಕೋಣೆಯ ತಾಪಮಾನವನ್ನೂ. ಗರಿಷ್ಠದ ಕಾಲಂ ನೋಡಿ ತೀರ್ಮಾನಕ್ಕೆ ಬರಬೇಡಿ, ಅದು ಒಂದೇ ಒಂದು ಸೆಕೆಂಡಿನ ಕಥೆ.

ಪ್ಯಾಕೇಜ್ ಪವರ್ ಏನು ಹೇಳುತ್ತದೆ

`CPU Package Power` ಎಂಬ ಸಾಲು ಪ್ರೊಸೆಸರ್ ಒಂದೇ ಎಷ್ಟು ವಿದ್ಯುತ್ ನುಂಗುತ್ತಿದೆ ಎನ್ನುವುದನ್ನು ತೋರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್, ಡಿಸ್ಕ್, ಬೋರ್ಡ್ ಇದರಲ್ಲಿ ಸೇರುವುದಿಲ್ಲ. ನುಂಗಿದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುವುದರಿಂದ, ಕೂಲರ್ ಎಷ್ಟು ಶಾಖವನ್ನು ಹೊರಹಾಕಬೇಕು ಎಂಬ ಲೆಕ್ಕವೂ ಇದೇ. ಈ ಸಾಲನ್ನು ಬಿಟ್ಟು ತಾಪಮಾನ ನೋಡುವುದೆಂದರೆ ಎಷ್ಟು ಮೂಟೆ ಹೊತ್ತಿದ್ದಾನೆಂದು ನೋಡದೆ ಹಮಾಲಿಯ ಏದುಸಿರನ್ನು ಅಳೆದ ಹಾಗೆ.

ಗೆಳೆಯರ ಯಂತ್ರದಲ್ಲಿದ್ದದ್ದು ಇಂಟೆಲ್ ಐ7-12700. ಇಂಟೆಲ್ ಇದಕ್ಕೆ ಎರಡು ಅಂಕಿಗಳನ್ನು ಕೊಟ್ಟಿದೆ: ಮೂಲ ಪವರ್ 65 ವಾಟ್, ಟರ್ಬೊ ಗರಿಷ್ಠ 180 ವಾಟ್. ಈ ಎರಡು ಮಿತಿಗಳಿಗೆ ಪಿಎಲ್1, ಪಿಎಲ್2 ಎಂದು ಹೆಸರು. ಸ್ವಲ್ಪ ಹೊತ್ತು ಪಿಎಲ್2ರವರೆಗೆ ಓಡಬಹುದು, ಆಮೇಲೆ ಪಿಎಲ್1ಕ್ಕೆ ಇಳಿಯಬೇಕು ಎನ್ನುವುದು ನಿಯಮ. ಆದರೆ ಎಷ್ಟೋ ಮದರ್‌ಬೋರ್ಡ್‌ಗಳು ಬಯಾಸ್‌ನಲ್ಲೇ ಪಿಎಲ್1 ಅನ್ನು ಮೇಲಕ್ಕೇರಿಸಿ, ಪ್ರೊಸೆಸರ್ ಇಳಿಯದೆ ಓಡುವಂತೆ ಮಾಡಿರುತ್ತವೆ. ಹಾಗಾಗಿ ನಿಮ್ಮ ಬೋರ್ಡ್ ಯಾವ ಮಿತಿ ಇಟ್ಟಿದೆ ಎಂಬುದನ್ನು HWiNFO ತೋರಿಸುವ ಪಿಎಲ್1, ಪಿಎಲ್2 ಸಾಲುಗಳಲ್ಲೇ ನೋಡಿಕೊಳ್ಳಿ. ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಕೂರಬೇಡಿ.

ಆ ಯಂತ್ರ ಹೊಸದಾಗಿದ್ದಾಗ, ಪಿಎಲ್1 65ಕ್ಕೇ ಇದ್ದಾಗ, ನಾನೇ ಓಡಿಸಿ ಬರೆದಿಟ್ಟಿದ್ದ ಅಂಕಿಗಳು ಹೀಗಿದ್ದವು. ಪರೀಕ್ಷೆ ಶುರುವಾಗುತ್ತಲೇ ಪವರ್ 140 ವಾಟ್ ದಾಟಿತು, ದೊಡ್ಡ ಕೋರ್‌ಗಳು 4.5 ಗಿಗಾಹರ್ಟ್ಸ್ ಹತ್ತಿರ ಓಡಿದವು, ತಾಪಮಾನ 80ರ ಮೇಲೆ ಹೋಯಿತು. ಅರ್ಧ ನಿಮಿಷದೊಳಗೆ ಪವರ್ ಧುಮುಕಿ 65ರಲ್ಲಿ ನಿಂತಿತು. ವೇಗ 3.3 ಗಿಗಾಹರ್ಟ್ಸ್ ಆಸುಪಾಸಿಗೆ ಬಂತು, ತಾಪಮಾನ ಮೆಲ್ಲಗೆ ಇಳಿದು 62 ಡಿಗ್ರಿಯಲ್ಲಿ ನೆಲೆಗೊಂಡಿತು.

ವೇಗ ಬಿದ್ದದ್ದನ್ನು ನೋಡಿ ಅವರು ಅಂದೇ ಗಾಬರಿಯಾಗಿದ್ದರು. `Core Power Limit Exceeded` ಎಂಬ ಸಾಲಿನಲ್ಲಿ `Yes` ಎಂದೂ ಕಾಣಿಸುತ್ತಿತ್ತು. ಅದು ಕಾಯಿಲೆಯ ಲಕ್ಷಣವಲ್ಲ, ಮಿತಿ ಇದೆ ಮತ್ತು ಪ್ರೊಸೆಸರ್ ಅದನ್ನು ಪಾಲಿಸುತ್ತಿದೆ ಎಂದಷ್ಟೇ ಅದರ ಅರ್ಥ. ಚಿಂತೆ ಮಾಡಬೇಕಾದದ್ದು `Core Thermal Throttling` ಸಾಲಿನಲ್ಲಿ `Yes` ಬಂದಾಗ. ಈ ಎರಡನ್ನು ಬೇರ್ಪಡಿಸುವುದು ಸುಲಭ. ವೇಗ ಬಿದ್ದಾಗ ತಾಪಮಾನವೂ ಕೆಳಗಿಳಿದು, ವಾಟ್ ಒಂದು ದುಂಡಗಿನ ಅಂಕಿಯಲ್ಲಿ ಅಲುಗದೆ ನಿಂತರೆ ಅದು ಪವರ್ ಮಿತಿ. ತಾಪಮಾನ 100ರ ಹತ್ತಿರ ಅಂಟಿಕೊಂಡು ನಿಂತು, ವಾಟ್ ತೂಗಾಡುತ್ತಾ ಇಳಿಯುತ್ತಿದ್ದರೆ ಅದು ಶಾಖದ ಮಿತಿ.

ಎಎಂಡಿ ರೈಜನ್ ಇರುವವರಿಗೆ ಎರಡು ಮಾತು. ಅಲ್ಲಿನ ಮಿತಿಯ ಹೆಸರು ಪಿಪಿಟಿ. ಎಎಂ4 ಸಾಕೆಟ್‌ನಲ್ಲಿ 65 ವಾಟ್ ಎಂದು ಮಾರುವ ಪ್ರೊಸೆಸರ್‌ನ ಪಿಪಿಟಿ 88 ವಾಟ್, 105 ಎಂದು ಮಾರುವುದರದ್ದು 142. ಇನ್ನೊಂದು ವಿಷಯ, ಕೆಲವು ಬೋರ್ಡ್‌ಗಳು ಹರಿಯುವ ಕರೆಂಟನ್ನು ಕಡಿಮೆ ಮಾಡಿ ಹೇಳಿ ಪ್ರೊಸೆಸರ್ ಹೆಚ್ಚು ಓಡುವಂತೆ ಮಾಡುತ್ತವೆ. ಇದನ್ನು ಪತ್ತೆ ಮಾಡಲೆಂದೇ HWiNFOದಲ್ಲಿ 2020ರಲ್ಲಿ `Power Reporting Deviation` ಎಂಬ ಸಾಲು ಸೇರಿತು. ಪೂರ್ತಿ ಲೋಡ್‌ನಲ್ಲಿ ಅದು 100 ಶೇಕಡಾ ಆಸುಪಾಸಿನಲ್ಲಿದ್ದರೆ ವಾಟ್ ಅಂಕಿಯನ್ನು ನಂಬಬಹುದು. 70 ತೋರಿಸಿದರೆ ನಿಜವಾದ ಪವರ್ ಪರದೆಯ ಮೇಲಿನದಕ್ಕಿಂತ ಸಾಕಷ್ಟು ಹೆಚ್ಚಿದೆ. ಸುಮ್ಮನಿರುವಾಗ ಈ ಸಾಲು ಏನು ತೋರಿಸಿದರೂ ಅದಕ್ಕೆ ಬೆಲೆಯಿಲ್ಲ.

ಲಿನಕ್ಸ್‌ನಲ್ಲಿ ವಾಟ್, ಡಿಗ್ರಿ, ವೇಗ ಮೂರನ್ನೂ ಒಂದೇ ಸಾಲಿನಲ್ಲಿ ನೋಡಲು ಇದು ಸಾಕು:

```
sudo turbostat --Summary --interval 1 --show Busy%,Bzy_MHz,PkgTmp,PkgWatt
```

ಒಂದು ವಾಟ್‌ಗೆ ಎಷ್ಟು ಡಿಗ್ರಿ

ಮುಖ್ಯವಾದ ಲೆಕ್ಕ ಇದು. ಪ್ರೊಸೆಸರಿನ ತಾಪಮಾನದಿಂದ ಕೋಣೆಯ ತಾಪಮಾನವನ್ನು ಕಳೆದು, ಉಳಿದದ್ದನ್ನು ವಾಟ್‌ನಿಂದ ಭಾಗಿಸಿ. ಹೊಸ ಯಂತ್ರದ ಆ ದಿನ ಕೋಣೆ 28 ಡಿಗ್ರಿ ಇತ್ತು. 62ರಲ್ಲಿ 28 ಕಳೆದರೆ 34, ಅದನ್ನು 65ರಿಂದ ಭಾಗಿಸಿದರೆ 0.52. ಅಂದರೆ ಪ್ರತಿ ವಾಟ್ ಶಾಖಕ್ಕೆ ಪ್ರೊಸೆಸರ್ ಕೋಣೆಗಿಂತ ಅರ್ಧ ಡಿಗ್ರಿ ಹೆಚ್ಚು ಬಿಸಿಯಾಗುತ್ತಿತ್ತು. ಆಗ ಸಿಪಿಯು ಫ್ಯಾನ್ 1450 ಆರ್‌ಪಿಎಂ.

ಈ ಅಂಕಿಯನ್ನು ಬೇರೆಯವರ ಯಂತ್ರದ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಚಿಪ್ ಬೇರೆ, ಕೂಲರ್ ಬೇರೆ. ನಿಮ್ಮದೇ ಯಂತ್ರದ ಹಳೆಯ ಅಂಕಿಯ ಜೊತೆ ಹೋಲಿಸಬೇಕು, ಅದೂ ಲೋಡ್ ಕೊಟ್ಟು ಅಂಕಿಗಳು ನೆಲೆಗೊಂಡ ಮೇಲೆ. ಪಕ್ಕದಲ್ಲಿ ಫ್ಯಾನ್ ವೇಗವನ್ನೂ ಬರೆದಿಡಬೇಕು, ಏಕೆಂದರೆ ಫ್ಯಾನ್ ಜೋರಾಗಿ ತಿರುಗಿದರೆ ಅಂಕಿ ತಾನಾಗಿಯೇ ಇಳಿಯುತ್ತದೆ.

86 ಡಿಗ್ರಿಯ ಸ್ಕ್ರೀನ್‌ಶಾಟ್ ಬಂದಾಗ ಅವರಿಂದ ಉಳಿದ ಸಾಲುಗಳನ್ನೂ ತರಿಸಿಕೊಂಡೆ. ಪವರ್ ಅದೇ 65, ಕೋಣೆ ಅದೇ 28. 58 ಭಾಗಿಸು 65 ಎಂದರೆ 0.89. ಫ್ಯಾನ್ ಮಾತ್ರ 1450 ಅಲ್ಲ, 2300ರಲ್ಲಿ ಓಡುತ್ತಿತ್ತು. ಗಾಳಿ ಹೆಚ್ಚು ಬೀಸಿಯೂ ಪ್ರತಿ ವಾಟ್‌ಗೆ ಏರುವ ಶಾಖ ಹೆಚ್ಚಾಗಿದೆ ಎಂದರೆ ಶಾಖ ಹೊರಹೋಗುವ ದಾರಿಯಲ್ಲೇ ಎಲ್ಲೋ ತಡೆಯಿದೆ. ತಡೆ ಇರಬಹುದಾದ ಜಾಗಗಳು ಎರಡೇ. ಒಂದು, ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ: ಒಣಗಿದ ಪೇಸ್ಟ್, ಇಲ್ಲವೇ ಸಡಿಲಾದ ಕೂಲರ್. ಇನ್ನೊಂದು, ಹೀಟ್‌ಸಿಂಕ್ ಮತ್ತು ಗಾಳಿಯ ನಡುವೆ: ರೆಕ್ಕೆಗಳ ಸಂದಿಯಲ್ಲಿ ಕಟ್ಟಿದ ಧೂಳು.

ಯಾವುದು ಎಂದು ಕ್ಯಾಬಿನೆಟ್ ತೆರೆಯದೆಯೇ ಹೇಳಬಹುದು. ಸೆಕೆಂಡಿಗೊಮ್ಮೆ ಓದುವಂತೆ ಇಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹೀಟ್‌ಸಿಂಕ್ ಎಂದರೆ ಒಂದು ಹಿಡಿ ಲೋಹ, ಅದು ಬಿಸಿಯಾಗಲು ಹೊತ್ತು ಬೇಕು. ಧೂಳು ಕಟ್ಟಿದ್ದರೆ ಶಾಖ ಮೊದಲು ಆ ಲೋಹಕ್ಕೆ ಸಲೀಸಾಗಿ ಇಳಿಯುತ್ತದೆ. ಆಮೇಲೆ ಲೋಹವೇ ಆರಲಾರದೆ ತಾಪಮಾನ ನಿಮಿಷಗಟ್ಟಲೆ ಏರುತ್ತಾ ಹೋಗುತ್ತದೆ, ಲೋಡ್ ನಿಲ್ಲಿಸಿದ ಮೇಲೂ ನಿಧಾನವಾಗಿಯೇ ಇಳಿಯುತ್ತದೆ. ಕೂಲರ್ ಸರಿಯಾಗಿ ತಾಗಿಲ್ಲದಿದ್ದರೆ ಶಾಖ ಲೋಹವನ್ನು ಸೇರುವುದೇ ಇಲ್ಲ. ಲೋಡ್ ಕೊಟ್ಟ ಒಂದೆರಡು ಸೆಕೆಂಡಿಗೇ ತಾಪಮಾನ 90, 100ಕ್ಕೆ ನೆಗೆಯುತ್ತದೆ, ಲೋಡ್ ತೆಗೆದ ಕೂಡಲೇ 40ರ ಆಸುಪಾಸಿಗೆ ಬೀಳುತ್ತದೆ.

ಗೆಳೆಯರ ಯಂತ್ರದಲ್ಲಿ ಪರೀಕ್ಷೆ ಶುರುವಾದ ಎರಡನೇ ಸೆಕೆಂಡಿಗೇ 100 ಮುಟ್ಟಿ `Core Thermal Throttling` ಸಾಲು `Yes` ಆಗಿತ್ತು. ನಿಲ್ಲಿಸಿದಾಗ ಮೂರು ಸೆಕೆಂಡಿನಲ್ಲಿ 45. ತೆರೆದು ನೋಡಿದರೆ ಧೂಳು ಹೇಳಿಕೊಳ್ಳುವಷ್ಟಿರಲಿಲ್ಲ. ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಬೋರ್ಡಿನ ತೂತಿನಿಂದ ಮೇಲೆದ್ದು ನಿಂತಿತ್ತು. ಮನೆ ಬದಲಿಸುವಾಗ ಕ್ಯಾಬಿನೆಟ್ ಅಡ್ಡ ಮಲಗಿಸಿ ಒಯ್ದಿದ್ದರಂತೆ. ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಎದುರುಬದುರು ಪಿನ್‌ಗಳನ್ನು ಜೋಡಿಯಾಗಿ ಒತ್ತಿ ಕೂರಿಸಿದೆವು. ಮತ್ತೆ ಹತ್ತು ನಿಮಿಷ ಓಡಿಸಿದಾಗ 65 ವಾಟ್‌ಗೆ 61 ಡಿಗ್ರಿ, ಫ್ಯಾನ್ 1400.

ಫ್ಯಾನ್ ಸಾಲುಗಳು

ಆರ್‌ಪಿಎಂ ಎಂದರೆ ತಿರುಗುವ ಲೆಕ್ಕ ಮಾತ್ರ, ಗಾಳಿಯ ಲೆಕ್ಕವಲ್ಲ. ಮೇಲಿನ ಯಂತ್ರದಲ್ಲಿ 2300 ಎಂಬ ಅಂಕಿಯನ್ನು ಮಾತ್ರ ನೋಡಿದ್ದರೆ ಫ್ಯಾನ್ ಚೆನ್ನಾಗಿದೆ ಎನ್ನಿಸುತ್ತಿತ್ತು. ಫ್ಯಾನ್ ನಿಜಕ್ಕೂ ಚೆನ್ನಾಗಿಯೇ ಇತ್ತು, ತೊಂದರೆ ಬೇರೆ ಕಡೆ ಇತ್ತು.

ಸೊನ್ನೆ ಕಂಡರೆ ಹೆದರುವ ಮೊದಲು ಅದು ಯಾವ ಸಾಲು ಎಂದು ನೋಡಿ. ಏನೂ ಚುಚ್ಚದ ಕನೆಕ್ಟರ್ ಸೊನ್ನೆಯನ್ನೇ ತೋರಿಸುತ್ತದೆ. ಈಗಿನ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಹಲವು, ಸುಮಾರು 50 ಡಿಗ್ರಿ ದಾಟುವವರೆಗೆ ಫ್ಯಾನನ್ನೇ ತಿರುಗಿಸುವುದಿಲ್ಲ. ಎಸ್‌ಎಂಪಿಎಸ್‌ನಿಂದ ನೇರವಾಗಿ ವಿದ್ಯುತ್ ಪಡೆಯುವ ಫ್ಯಾನ್ ಪಟ್ಟಿಯಲ್ಲಿ ಬರುವುದೇ ಇಲ್ಲ. ಲೋಡ್ ಕೊಟ್ಟಾಗಲೂ `CPU` ಸಾಲು ಸೊನ್ನೆಯಲ್ಲೇ ಇದ್ದರೆ ಮಾತ್ರ ಕೂಡಲೇ ನಿಲ್ಲಿಸಿ ಕ್ಯಾಬಿನೆಟ್ ತೆಗೆದು ನೋಡಿ. ನೀರಿನ ಕೂಲರ್ ಇರುವವರು ಪಂಪ್ ಸಾಲನ್ನೂ ನೋಡಬೇಕು. ಪಂಪ್ ನಿಂತರೆ ರೇಡಿಯೇಟರಿನ ಫ್ಯಾನ್‌ಗಳು ಎಷ್ಟು ಬೀಸಿದರೂ ಪ್ರಯೋಜನವಿಲ್ಲ.

ಫ್ಯಾನ್ ಮುದಿಯಾಗುತ್ತಿರುವುದು ತಿಳಿಯಬೇಕಾದರೆ ಬಯಾಸ್‌ನಲ್ಲಿ ಅದನ್ನು ಒಂದೇ ಶೇಕಡಾಗೆ, ಅಂದರೆ 60ಕ್ಕೋ 100ಕ್ಕೋ, ನಿಲ್ಲಿಸಿ ವೇಗ ಬರೆದಿಡಿ. ವರ್ಷದ ನಂತರ ಅದೇ ಶೇಕಡಾದಲ್ಲಿ ವೇಗ ನೂರಾರು ಕಡಿಮೆಯಾಗಿದ್ದರೆ, ಅಥವಾ ಒಂದೇ ಕಡೆ ನಿಲ್ಲದೆ ಏರಿಳಿಯುತ್ತಿದ್ದರೆ, ಬೇರಿಂಗ್ ಸವೆದಿದೆ.

ವೋಲ್ಟೇಜ್: ಅಂಕಿಗಿಂತ ಕುಸಿತ ಮುಖ್ಯ

ಎಸ್‌ಎಂಪಿಎಸ್ ಕೊಡುವ 12 ವೋಲ್ಟ್‌ಗೆ ಎಟಿಎಕ್ಸ್ 3.0ಕ್ಕಿಂತ ಹಿಂದಿನ ನಿಯಮದಲ್ಲಿ 5 ಶೇಕಡಾ ಅತ್ತಿತ್ತ ಹೋಗಲು ಅವಕಾಶವಿದೆ. ಅಂದರೆ 11.40ರಿಂದ 12.60. ಹಾಗೆಯೇ 5 ವೋಲ್ಟ್ ಸಾಲು 4.75ರಿಂದ 5.25ರೊಳಗಿರಬೇಕು. ಆದರೆ ಪರದೆಯ ಮೇಲಿನ ಅಂಕಿ ಮೀಟರಿನ ಅಂಕಿಯಲ್ಲ. ಆ ಪುಟ್ಟ ಚಿಪ್‌ಗೆ 12 ವೋಲ್ಟ್ ನೇರವಾಗಿ ಅಳೆಯುವ ಶಕ್ತಿಯಿಲ್ಲ. ಬೋರ್ಡ್ ಎರಡು ರೆಸಿಸ್ಟರ್‌ಗಳಿಂದ ಅದನ್ನು ಭಾಗ ಮಾಡಿ ಕೊಡುತ್ತದೆ, ಸಾಫ್ಟ್‌ವೇರ್ ಮತ್ತೆ ಗುಣಿಸಿ ತೋರಿಸುತ್ತದೆ. ಯಾವ ಬೋರ್ಡ್‌ಗೆ ಎಷ್ಟರಿಂದ ಗುಣಿಸಬೇಕು ಎಂಬುದು ಸಾಫ್ಟ್‌ವೇರ್‌ಗೆ ಗೊತ್ತಿಲ್ಲದಿದ್ದರೆ 12ರ ಜಾಗದಲ್ಲಿ 8 ಬರುತ್ತದೆ. ನಿಜವಾಗಿ 8 ವೋಲ್ಟ್ ಆಗಿದ್ದರೆ ಯಂತ್ರ ಓಡುತ್ತಲೇ ಇರಲಿಲ್ಲ.

ಅದೇ ಗುಣಾಕಾರದಿಂದ ಇನ್ನೊಂದು ಗುಣ ಬಂದಿದೆ. ಹಲವು ಬೋರ್ಡ್‌ಗಳಲ್ಲಿ 12 ವೋಲ್ಟ್ ಸಾಲು 12.096, 12.000, 11.904 ಹೀಗೆ 0.096ರ ಮೆಟ್ಟಿಲುಗಳಲ್ಲೇ ಬದಲಾಗುತ್ತದೆ, ನಡುವಿನ ಅಂಕಿಗಳು ಬರುವುದೇ ಇಲ್ಲ. ಆದ್ದರಿಂದ ಒಂದು ಮೆಟ್ಟಿಲು ಇಳಿದದ್ದನ್ನು ಕುಸಿತ ಎನ್ನಬೇಡಿ, ಅಳತೆಗೇ ಅಷ್ಟು ಸೂಕ್ಷ್ಮತೆಯಿಲ್ಲ.

ಇನ್ನೊಂದು ಯಂತ್ರದ ಕಥೆ ಹೇಳುತ್ತೇನೆ. ಆಟ ಆಡುವಾಗ ಮಾತ್ರ ಅದು ಫಕ್ಕನೆ ಆರಿಹೋಗುತ್ತಿತ್ತು. ಬೋರ್ಡಿನ 12 ವೋಲ್ಟ್ ಸಾಲು ಸುಮ್ಮನಿದ್ದಾಗ 12.096, ಆಟದಲ್ಲಿ 12.000. ಒಂದೇ ಮೆಟ್ಟಿಲು, ಎಸ್‌ಎಂಪಿಎಸ್ ಗಟ್ಟಿಯಾಗಿಯೇ ಇದೆ. ಆದರೆ ಹಲವು ಗ್ರಾಫಿಕ್ಸ್ ಕಾರ್ಡ್‌ಗಳು ತಮ್ಮ ಕನೆಕ್ಟರ್‌ಗೆ ಬರುವ ವೋಲ್ಟೇಜನ್ನು ತಾವೇ ಅಳೆಯುತ್ತವೆ. ಕಾರ್ಡಿನ ವಿಭಾಗದಲ್ಲಿ `8-Pin` ಎಂಬ ಮಾತಿರುವ `Input Voltage` ಸಾಲುಗಳು ಅವೇ. ಅಲ್ಲಿ ಸುಮ್ಮನಿದ್ದಾಗ 12.05 ಇದ್ದದ್ದು ಆಟದಲ್ಲಿ 11.41ಕ್ಕೆ ಇಳಿಯುತ್ತಿತ್ತು.

11.41 ಎಂದರೆ ನಿಯಮದ ಗೆರೆಯ ಒಳಗೇ ಇದೆ. ಅಂಕಿಯೊಂದನ್ನೇ ನೋಡುವವರು ಪಾಸು ಮಾಡಿ ಮುಂದೆ ಹೋಗುತ್ತಿದ್ದರು. ನಾನು ನೋಡಿದ್ದು 0.64 ವೋಲ್ಟ್ ಕುಸಿತವನ್ನು, ಅದೂ ಬೋರ್ಡಿನ ಕಡೆ ಹೆಚ್ಚುಕಡಿಮೆ ಏನೂ ಇಳಿಯದಿರುವಾಗ. ಎರಡೂ ಕಡೆ ಒಟ್ಟಿಗೆ ಕುಸಿದಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಬೇಕಿತ್ತು. ಕಾರ್ಡಿನ ಕಡೆ ಮಾತ್ರ ಕುಸಿದರೆ ತಪ್ಪು ಇರುವುದು ಎಸ್‌ಎಂಪಿಎಸ್‌ನಿಂದ ಕಾರ್ಡ್‌ವರೆಗಿನ ಕೇಬಲ್‌ನಲ್ಲಿ. ಯಂತ್ರವನ್ನು ಪೂರ್ತಿ ಆರಿಸಿ, ಪ್ಲಗ್ ಕಿತ್ತು ನೋಡಿದರೆ ಎರಡು ತಲೆಯ ಒಂದೇ ಕೇಬಲಿನಿಂದ ಕಾರ್ಡಿನ ಎರಡೂ ಕನೆಕ್ಟರ್‌ಗೆ ಕೊಟ್ಟಿದ್ದರು. ಅದರ ಒಂದು ಪಿನ್ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಎಸ್‌ಎಂಪಿಎಸ್ ಜೊತೆಗೇ ಬಂದಿದ್ದ ಎರಡು ಬೇರೆ ಬೇರೆ ಕೇಬಲ್‌ಗಳನ್ನು ಹಾಕಿದೆವು. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಎಂದಿಗೂ ಹಾಕಬೇಡಿ. ತಲೆ ಕೂತರೂ ಒಳಗಿನ ತಂತಿಗಳ ಜೋಡಣೆ ಬೇರೆಯಿದ್ದು ಕಾರ್ಡ್ ಸುಟ್ಟುಹೋಗಬಹುದು. ಈಗ ಅದೇ ಆಟದಲ್ಲಿ ಅಂಕಿ 11.88. ಮೊದಲಿಗಿಂತ 0.47 ವೋಲ್ಟ್ ಹೆಚ್ಚು. ಕಾರ್ಡ್ ಹಳೆಯ ಕೇಬಲಿನಿಂದ ಸುಮಾರು 240 ವಾಟ್, ಅಂದರೆ 20 ಆಂಪಿಯರ್ ಎಳೆಯುತ್ತಿತ್ತು. 0.47 ಗುಣಿಸು 20 ಎಂದರೆ ಒಂಬತ್ತು ವಾಟ್‌ಗೂ ಮಿಕ್ಕ ಶಾಖ ಆ ಕೇಬಲ್ ಮತ್ತು ಪಿನ್‌ಗಳಲ್ಲಿ ವ್ಯರ್ಥವಾಗಿ ಹುಟ್ಟುತ್ತಿತ್ತು. ಪ್ಲಾಸ್ಟಿಕ್ ಕಂದಾಗಿದ್ದು ಅದರಿಂದಲೇ.

ಇನ್ನುಳಿದ ವೋಲ್ಟೇಜ್ ಸಾಲುಗಳಲ್ಲಿ ಜನ ಹೆಚ್ಚು ಗಾಬರಿಯಾಗುವುದು `Vcore` ಮತ್ತು `VID` ಹೊಂದದಿದ್ದಾಗ. `VID` ಎಂದರೆ ಪ್ರೊಸೆಸರ್ ಕೇಳಿದ್ದು, `Vcore` ಎಂದರೆ ಬೋರ್ಡ್ ಕೊಟ್ಟಿದ್ದನ್ನು ಅಳೆದದ್ದು. ಎರಡೂ ಒಂದೇ ಇರಬೇಕೆಂದಿಲ್ಲ. ಲೋಡ್ ಬಿದ್ದಾಗ `Vcore` ಸ್ವಲ್ಪ ಇಳಿಯುವುದೂ ಬೋರ್ಡಿನ ವಿನ್ಯಾಸದಲ್ಲೇ ಇರುವ ವರ್ತನೆ. `VBAT` ಎಂಬುದು ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ. 3 ವೋಲ್ಟ್ ಆಸುಪಾಸಿನಲ್ಲಿರಬೇಕಾದ ಅದು 2.7ಕ್ಕಿಂತ ಕೆಳಗಿಳಿದು, ಗಡಿಯಾರವೂ ತಪ್ಪುತ್ತಿದ್ದರೆ ಸಿಆರ್2032 ಬದಲಿಸಿ. `AUXTIN` ಎಂಬ ಸಾಲು 115 ಡಿಗ್ರಿ ತೋರಿಸಿ ಕೆಲವರ ನಿದ್ದೆ ಕೆಡಿಸುತ್ತದೆ. ಲೋಡ್ ಕೊಟ್ಟರೂ ತೆಗೆದರೂ ಅದು ಕದಲುವುದಿಲ್ಲವಾದರೆ ಆ ತುದಿಗೆ ಸೆನ್ಸರನ್ನೇ ಜೋಡಿಸಿಲ್ಲ ಎಂದು ತಿಳಿಯಿರಿ. ಆ ಸಾಲಿನ ಮೇಲೆ ಬಲಗುಂಡಿ ಒತ್ತಿ ಅಡಗಿಸಿಬಿಟ್ಟರೆ ಮುಂದಿನ ಸಲ ಕಣ್ಣಿಗೆ ಬೀಳುವುದಿಲ್ಲ.